ಸ್ಟುಟ್‌ಗಾರ್ಟ್‌ಗೆ ಏಳು ಪಾರ್ಸಲ್: ಪ್ಯಾಕಿಂಗ್ ಚಲೋ, ಲೇಬಲ್ ಮಾತ್ರ ನಾವೇ ಬರೀಬೇಕು

ಮಗಳು ಓದಲೆಂದು ಜರ್ಮನಿಗೆ ಹೋಗಿ ಮೂರು ವರ್ಷವಾಯಿತು. ಅಲ್ಲಿಂದ ಇಲ್ಲಿಯವರೆಗೆ ವಿಜಯಪುರದ ಒಬ್ಬರೇ ಕೊರಿಯರ್ ಏಜೆಂಟರ ಕಡೆ ಏಳು ಪಾರ್ಸಲ್ ಕಳಿಸಿದ್ದೇನೆ. ದರ ಎಷ್ಟು, ಎಷ್ಟು ದಿನಕ್ಕೆ ಮುಟ್ಟುತ್ತದೆ ಎಂಬುದನ್ನು ಎಲ್ಲರೂ ಕೇಳಿಕೊಂಡೇ ಹೋಗುತ್ತಾರೆ, ಅದನ್ನು ಬಿಡುತ್ತೇನೆ.

ಪ್ಯಾಕಿಂಗ್‌ಗೆ ಹೆಸರಿಡುವ ಹಾಗಿಲ್ಲ. ಕಡಕ್ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಅಲುಗಾಡದಂತೆ ಕೂರಿಸಿ, ಸುತ್ತಲಿನ ಸಂದಿಯಲ್ಲಿ ಹಿಂಡಿಯ ಪೊಟ್ಟಣ ತುಂಬುತ್ತಾರೆ. ಅಲ್ಲಿ ತೆಗೆದಾಗ ಎರಡು ಮೂರು ರೊಟ್ಟಿ ಮುರಿದಿರುತ್ತವೆ, ಅಷ್ಟೇ. ಸಂದಿ ತುಂಬುವುದು ದುಡ್ಡಿಗೂ ಒಳ್ಳೆಯದು. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಾದರೆ, ಅದಕ್ಕೇ ಬಿಲ್ ಮಾಡುತ್ತಾರೆ. ಬರೀ ರೊಟ್ಟಿ ಕಳಿಸಿದರೆ ಗಾಳಿಗೆ ದುಡ್ಡು ಕೊಟ್ಟಂತೆ.

ಉಪ್ಪಿನಕಾಯಿ ಮಾತ್ರ ನಾನು ಮನೆಯಲ್ಲೇ ಸೀಲ್ ಮಾಡುತ್ತೇನೆ. ಇಂಡಿ ಲಿಂಬೆಯ ಉಪ್ಪಿನಕಾಯಿ ಭರಣಿಯಲ್ಲಿ ಒಂದು ತಿಂಗಳಾದರೂ ಕೂತಿರಬೇಕು. ಹಸಿಯದನ್ನು ಸೀಲ್ ಮಾಡಿದರೆ ಒಳಗೇ ಹುಳಿಯೆದ್ದು ಪೊಟ್ಟಣ ಉಬ್ಬುತ್ತದೆ, ವಿಮಾನದಲ್ಲಿ ಒತ್ತಡ ಕಡಿಮೆಯಾದಾಗ ಇನ್ನಷ್ಟು ಉಬ್ಬುತ್ತದೆ. ತುಂಬುವ ಮೊದಲು ಪೊಟ್ಟಣದ ಬಾಯನ್ನು ಅಂಗಿ ತೋಳು ಮಡಚಿದಂತೆ ನಾಲ್ಕು ಬೆರಳು ಹೊರಗೆ ಮಡಚುತ್ತೇನೆ. ತುಂಬಿದ ಮೇಲೆ ಮಡಿಕೆ ಬಿಚ್ಚಿದರೆ ಸೀಲ್ ಬೀಳುವ ಜಾಗ ಒಣಗಿರುತ್ತದೆ. ಅಲ್ಲಿ ಒಂದು ಹನಿ ಎಣ್ಣೆ ಇದ್ದರೂ ಅಂಟಿದಂತೆ ಕಂಡು ಆಮೇಲೆ ಬಿಡುತ್ತದೆ. ಬೆರಳಗಲ ಬಿಟ್ಟು ಎರಡನೇ ಸೀಲ್ ಹಾಕಿ, ಒಂದು ವಾರ ಅಡುಗೆಮನೆಯ ಮಾಡದಲ್ಲಿ ಇಡುತ್ತೇನೆ. ದಿನಾ ಮುಂಜಾನೆ ಚಹಾ ಇಟ್ಟಾಗ ಒಮ್ಮೆ ಒತ್ತಿ ನೋಡುತ್ತೇನೆ. ಉಬ್ಬಿದ್ದು ಭರಣಿಗೆ ವಾಪಸ್. ಈ ರೂಢಿ ಆದ ಮೇಲೆ ಒಂದೂ ಸೋರಿಲ್ಲ.

ಮೂರನೇ ಪಾರ್ಸಲ್‌ವರೆಗೂ ಈ ಏಜೆಂಟರನ್ನು ಎಲ್ಲರಿಗೂ ಹೇಳುತ್ತಿದ್ದೆ. ಆ ಸಲ ಅರ್ಧ ಕಿಲೋ ತುಪ್ಪ, ಬೆಳಗಾವಿಯಿಂದ ತಂಗಿ ತಂದ ಕುಂದಾ ಇಟ್ಟಿದ್ದೆ. ನಡೆಯುತ್ತದೆಯೇ ಎಂದು ಕೇಳಿಯೇ ಇಟ್ಟಿದ್ದು. "ನಡೀತೈತ್ರಿ ಅಕ್ಕಾರ, ಯಾದಿಯೊಳಗ ಬರಿಯೂದು ಬ್ಯಾಡ ಅಷ್ಟ" ಎಂದ ಹುಡುಗ, ಇಡೀ ಪೆಟ್ಟಿಗೆಗೆ "ಹೋಂಮೇಡ್ ಸ್ನ್ಯಾಕ್ಸ್, 100 ರೂಪಾಯಿ" ಎಂದು ಒಂದೇ ಸಾಲು ಬರೆದ. ಎಂಟು ಕಿಲೋ ಪೆಟ್ಟಿಗೆಗೆ ನೂರು ರೂಪಾಯಿ ಎಂದರೆ ಯಾರು ನಂಬುತ್ತಾರೆ? ಅಲ್ಲಿನ ಕಸ್ಟಮ್ಸ್‌ನವರು ಮಗಳಿಗೆ ಪತ್ರ ಬರೆದು ಕರೆಸಿದರು. ಪರೀಕ್ಷೆಯ ವಾರದಲ್ಲಿ ಅರ್ಧ ದಿನ ಕಳೆದುಕೊಂಡು ಹೋಗಿ, ಅವರೆದುರು ಪೆಟ್ಟಿಗೆ ಬಿಚ್ಚಿದಳು. ಹೆಸರಿಲ್ಲದ ಕೆಂಪು ಪುಡಿ ಏನೆಂದು ಕೇಳಿ ಶೇಂಗಾ ಹಿಂಡಿಯ ಪೊಟ್ಟಣ ಕತ್ತರಿಸಿದರು. ತುಪ್ಪ, ಕುಂದಾ ಅಲ್ಲೇ ಉಳಿದವು. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ನಮ್ಮಂಥವರು ಪಾರ್ಸಲ್‌ನಲ್ಲಿ ಹಾಲಿನ, ಮಾಂಸದ ಪದಾರ್ಥ ಕಳಿಸುವಂತಿಲ್ಲ. ಕಾಸಿದ ತುಪ್ಪವೂ ಹಾಲಿನದೇ ಲೆಕ್ಕ. "ಅವ್ವಾ, ಸುಳ್ಳು ಹೇಳಿದವರಂಗ ನಿಂತಿದ್ದೆ" ಎಂದಳು ಫೋನಿನಲ್ಲಿ. ನನಗೆ ಇವತ್ತಿಗೂ ನೋವಾಗುವುದು ಆ ಮಾತಿಗೆ, ಹೋದ ತುಪ್ಪಕ್ಕಲ್ಲ.

ಈಗ ಲೇಬಲ್ ನನ್ನದೇ. ಪ್ರತಿ ಪೊಟ್ಟಣಕ್ಕೂ ಇಂಗ್ಲಿಷಿನಲ್ಲಿ ಪದಾರ್ಥದ ಹೆಸರು, ಹಾಕಿದ ಸಾಮಾನು ತೂಕದಲ್ಲಿ ಹೆಚ್ಚಿನದು ಮೊದಲು, ನಿವ್ವಳ ತೂಕ, ಮಾಡಿದ ತಾರೀಖು. "ಹಿಂಡಿ" ಎಂದು ಬರೆದರೆ ಅವರಿಗೆ ತಿಳಿಯದು. "ಪೀನಟ್ ಚಟ್ನಿ ಪೌಡರ್: ಶೇಂಗಾ, ಖಾರದ ಪುಡಿ, ಬೆಳ್ಳುಳ್ಳಿ, ಉಪ್ಪು, ಜೀರಿಗೆ, 400 ಗ್ರಾಂ" ಎಂದು ಬಿಡಿಸಿ ಬರೆಯುತ್ತೇನೆ. ಶೇಂಗಾ, ಎಳ್ಳು, ಸಾಸಿವೆ ಅಲರ್ಜಿಯ ಪಟ್ಟಿಯಲ್ಲಿವೆ, ಅವುಗಳ ಕೆಳಗೆ ಗೆರೆ ಎಳೆಯುತ್ತೇನೆ. ಮಗಳ ರೂಮಿನ ಗೆಳತಿಯರಿಗೂ ಇದರಿಂದ ಅನುಕೂಲವಾಗಿದೆ. ಇದೇ ಹೆಸರು, ತೂಕಗಳನ್ನು ಇನ್‌ವಾಯ್ಸ್‌ನಲ್ಲೂ ಬರೆಸಿ, ಒಂದೊಂದರ ಮುಂದೆ ನಿಜವಾದ ಬೆಲೆ ಹಾಕಿಸುತ್ತೇನೆ. ಉಡುಗೊರೆಯಾಗಿ ಸುಂಕವಿಲ್ಲದೆ ಹೋಗಲು ಒಟ್ಟು 45 ಯೂರೋ ದಾಟಬಾರದು. ಮನೆಯ ತಿಂಡಿ ಅಷ್ಟರೊಳಗೆ ನಿಜವಾಗಿಯೇ ಕೂರುತ್ತದೆ. ಸುಳ್ಳು ಬರೆಯುವ ಅಗತ್ಯವೇ ಇರಲಿಲ್ಲ. ತುಪ್ಪದ ಅಂಟಿನುಂಡಿ ಬಿಟ್ಟು, ಬರೀ ಬೆಲ್ಲದ ಎಳ್ಳುಂಡಿ, ಶೇಂಗಾ ಉಂಡಿ ಕಟ್ಟುತ್ತೇನೆ.

ಆಮೇಲಿನ ನಾಲ್ಕರಲ್ಲಿ ಒಂದನ್ನು ಬಿಚ್ಚಿ ನೋಡಿದ್ದರು. ಯಾವ ಪೊಟ್ಟಣವನ್ನೂ ಕತ್ತರಿಸದೆ ಮತ್ತೆ ಟೇಪು ಹಚ್ಚಿ ಮನೆಗೇ ಕಳಿಸಿದರು.

ಐದಕ್ಕೆ ಮೂರು ಕೊಡುತ್ತೇನೆ, ಮೂರೂ ಪ್ಯಾಕಿಂಗ್‌ಗೆ. ಹೋದ ತಿಂಗಳೂ ಅದೇ ಹುಡುಗ "ಇಷ್ಟೆಲ್ಲಾ ಯಾಕ್ ಬರೀತೀರಿ ಅಕ್ಕಾರ" ಎಂದ. "ಬರಿಯಪ್ಪಾ ತಮ್ಮಾ, ನಾ ಹೇಳ್ತೇನಿ" ಎಂದು ಎದುರಿಗೆ ಕೂತು ಹನ್ನೊಂದೂ ಸಾಲು ಬರೆಸಿ ಬಂದೆ.