ಬಟಾಟಿ ಹೋಳು: ಎಣ್ಣೆಯಲ್ಲಿ ಕರಿಯುವುದೋ, ಓವನ್‌ನಲ್ಲಿ ಹುರಿಯುವುದೋ?

ಓವನ್ ಅಂದ ಕೂಡಲೇ ಆರೋಗ್ಯ ಅಂದುಕೊಳ್ಳಬೇಡಿ. ಎಣ್ಣೆ ಕಡಿಮೆ ಆಗುತ್ತದೆ, ನಿಜ. ಆದರೆ ಬಟಾಟಿಯ ಸಕ್ಕರೆ ಮತ್ತು ಆಸ್ಪರಾಜಿನ್ ಎಂಬ ಅಮೈನೊ ಆಮ್ಲ ಸೇರಿ ಆಗುವ ಅಕ್ರಿಲಮೈಡ್, ಅಂದರೆ ಕ್ಯಾನ್ಸರ್ ತರಬಹುದೆಂಬ ಅನುಮಾನವಿರುವ ರಾಸಾಯನಿಕ, ಎರಡರಲ್ಲೂ ಹುಟ್ಟುತ್ತದೆ. ಸುಮಾರು 120 ಡಿಗ್ರಿ ದಾಟಿದ ಮೇಲೆ ಅದರ ಆಟ ಶುರು. ನೀರಲ್ಲಿ ಕುದಿಸಿದರೆ ಈ ಗೋಜಿಲ್ಲ.

ಬೆರಳು ದಪ್ಪದ ಹೋಳನ್ನು ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಚೆನ್ನಾಗಿ ಒರೆಸಿಕೊಳ್ಳಿ. ಮೇಲಿನ ಸಕ್ಕರೆ ಸ್ವಲ್ಪ ತೊಳೆದು ಹೋಗುತ್ತದೆ. ಕರಿಯುವಾಗ ಎಣ್ಣೆ 175 ಡಿಗ್ರಿ ಮೀರಬಾರದು. ಹೋಳಿನಲ್ಲಿ ನೀರಿರುವ ತನಕ ಮೈ ಅಷ್ಟಾಗಿ ಕಾಯುವುದಿಲ್ಲ. ಗುಳ್ಳೆ ಕಡಿಮೆಯಾದರೆ ನೀರು ಮುಗಿಯುತ್ತಾ ಬಂತು ಅಂತ ಅರ್ಥ. ಆಮೇಲಿನ ಒಂದೆರಡು ನಿಮಿಷದಲ್ಲೇ ಅಕ್ರಿಲಮೈಡ್ ಜಾಸ್ತಿಯಾಗುವುದು. ತಿಳಿ ಬಂಗಾರದ ಬಣ್ಣಕ್ಕೆ ತೆಗೆದುಬಿಡಿ. ಹುಬ್ಬಳ್ಳಿಯ ಮಳೆಗೆ ಗರಿಗರಿ ಬೇಕು ಅನಿಸುತ್ತದೆ, ಆದರೆ ಕಂದು ಬೇಡ.

ಓವನ್‌ನಲ್ಲಿ ಹೊತ್ತು ಜಾಸ್ತಿ ಬೇಕು, ನಡು ಬೇಯುವಷ್ಟರಲ್ಲಿ ಅಂಚು ಕಪ್ಪಾಗುತ್ತದೆ. ಅದಕ್ಕೇ ಮೊದಲು ಐದಾರು ನಿಮಿಷ ಕುದಿಸಿ, ನೀರು ಚೆಲ್ಲಿ. ಸಕ್ಕರೆಯೂ ಇಳಿಯುತ್ತದೆ, ಹುರಿಯುವ ಹೊತ್ತೂ ಉಳಿಯುತ್ತದೆ. ಆಮೇಲೆ 190 ಡಿಗ್ರಿಯಲ್ಲಿಟ್ಟು, ನಡುವೆ ತಿರುವಿ. ಕಪ್ಪಾದ ಅಂಚು ಕತ್ತರಿಸಿ ಹಾಕಿ.

ಶಾಖ ಸರಿಯಿದ್ದೂ ಒಳಗೆ ಬೇಯುವ ಮೊದಲೇ ಹೊರಗೆ ಕಂದಾದರೆ ಬಹುಶಃ ಆ ಬಟಾಟಿಯಲ್ಲೇ ಸಕ್ಕರೆ ಜಾಸ್ತಿ. ಬಹಳ ದಿನ ತಂಪಲ್ಲಿಟ್ಟ ಮಾಲು ಹೀಗಾಗುತ್ತದೆ. ಅದನ್ನು ಕುದಿಸಿ ಪಲ್ಯಕ್ಕೆ ಹಾಕಿ.

ನನ್ನ ಆಯ್ಕೆ? ಥರ್ಮಾಮೀಟರ್ ಇದ್ದರೆ ಎಣ್ಣೆ. ಇಲ್ಲದಿದ್ದರೆ ಕುದಿಸಿ ಓವನ್.