ಕೆಂಪು ಗುರುತು ಹೋದ ಮಾತ್ರಕ್ಕೆ ಮಾಡೆಲ್ ಸರಿಯಾಗಿದೆ ಅಂತ ನಂಬಬೇಡಿ

ಹೊರಗಿನವರು ಮಾಡಿಕೊಟ್ಟ ಸಾಲಿಡ್‌ವರ್ಕ್ಸ್ ಫೈಲ್ ನಂಬಿ ನಾವು ಒಂದಷ್ಟು ಪ್ಲೇಟ್ ಕಟ್ ಮಾಡಿಸಿದೆವು. ಅವೆಲ್ಲ ಗುಜರಿಗೆ ಹೋದವು. ಫೈಲಿನಲ್ಲಿ ಒಂದೇ ಒಂದು ಎರರ್ ಇರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಪ್ಲೇಟ್ ತುಂಬಾ ಸರಳ. 120 ಮಿ.ಮೀ. ಉದ್ದ, 80 ಅಗಲ, ಒರಿಜಿನ್ ನಟ್ಟನಡುವೆ. ಎಡ ಅಂಚಿನಿಂದ 25 ಮಿ.ಮೀ.ಗೆ ಒಂದು ತೂತು, ಬಲ ಅಂಚಿನಿಂದ 25ಕ್ಕೆ ಇನ್ನೊಂದು. ಆಮೇಲೆ ಫಿಲೆಟ್, ಪ್ಯಾಟರ್ನ್ ಇತ್ಯಾದಿ. ಬಲಗಡೆ ಮೇಲಿನ ಮೂಲೆಯನ್ನು 15 ಮಿ.ಮೀ. ಓರೆಯಾಗಿ ಕತ್ತರಿಸಿ ಅಂತ ಕೇಳಿದ್ದೆವು. ಅವರು Sketch1 ತೆರೆದು, ಬಲಗಡೆಯ ಗೆರೆಯನ್ನು ಅಳಿಸಿ, ಹೊಸದಾಗಿ ಎರಡು ಗೆರೆ ಎಳೆದರು.

ಕಣ್ಣಿಗೆ ಅದೇ ಜಾಗದಲ್ಲಿ ಅದೇ ಗೆರೆ. ಆದರೆ ಸಾಫ್ಟ್‌ವೇರ್ ಗೆರೆಯನ್ನು ಜಾಗದಿಂದ ಗುರುತಿಸುವುದಿಲ್ಲ, ಒಳಗಿನ ಐಡಿಯಿಂದ ಗುರುತಿಸುತ್ತದೆ. ಅದರಿಂದ ಹುಟ್ಟಿದ ಮುಖ, ಅಂಚು ಎಲ್ಲದರ ಗುರುತೂ ಆ ಐಡಿಗೇ ಅಂಟಿಕೊಂಡಿರುತ್ತದೆ. ಗೆರೆ ಅಳಿಸಿದ ಕೂಡಲೇ ಕೆಳಗಿನ ಫೀಚರ್‌ಗಳಿಗೆ ಆಧಾರ ತಪ್ಪುತ್ತದೆ, ಟ್ರೀ ಪೂರ್ತಿ ಕೆಂಪು, ಹಳದಿ ಆಗುತ್ತದೆ. ಅದೇ ಗೆರೆಯನ್ನು ಟ್ರಿಮ್ ಮಾಡಿದ್ದರೆ, ಇಲ್ಲವೇ Sketch Chamfer ಹಾಕಿದ್ದರೆ, ಉಳಿದ ತುಂಡು ಸಾಮಾನ್ಯವಾಗಿ ಹಳೆಯ ಐಡಿಯನ್ನೇ ಉಳಿಸಿಕೊಳ್ಳುತ್ತಿತ್ತು. ನನ್ನನ್ನು ಕೇಳಿದರೆ, ಸ್ಕೆಚ್ ಮುಟ್ಟದೆ ಟ್ರೀ ಕೊನೆಯಲ್ಲಿ ಒಂದು ಚೇಂಫರ್ ಫೀಚರ್ ಹಾಕುವುದೇ ಒಳ್ಳೆಯದು.

ಇಲ್ಲಿಯವರೆಗೆ ಏನೂ ಕೈಮೀರಿರಲಿಲ್ಲ. ಕೆಟ್ಟದ್ದು ನಡೆದದ್ದು ಆಮೇಲೆ. ತೂತಿನ ಸ್ಕೆಚ್‌ನಲ್ಲಿ Display/Delete Relations ತೆರೆದು, ಆಧಾರ ತಪ್ಪಿದವಷ್ಟೇ ಕಾಣುವಂತೆ ಫಿಲ್ಟರ್ ಅನ್ನು Dangling ಮಾಡಿ, Delete All ಒತ್ತಿದ್ದರು. ಕೆಂಪು ಮಾಯ! ಆದರೆ ಅದರ ಜೊತೆಗೆ ಬಲ ಅಂಚಿನ 25ರ ಅಳತೆಯೂ ಹೋಯಿತು. ತೂತು ಮಾತ್ರ ಇದ್ದಲ್ಲೇ ಇತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಮುಂದೆ ಪ್ಲೇಟ್ ಉದ್ದವನ್ನು 126 ಮಾಡಬೇಕಾಯಿತು. ಎರಡು ಕಡೆಯೂ ಮೂರು ಮೂರು ಮಿ.ಮೀ. ಬೆಳೆಯಿತು. ಎಡಗಡೆಯ ತೂತು ಅಂಚಿನ ಜೊತೆ ಸರಿಯಿತು. ಬಲಗಡೆಯದು ಅಲ್ಲೇ ನಿಂತಿತು, ಅಂಚಿನಿಂದ 28ಕ್ಕೆ. ಎರಡು ತೂತುಗಳ ನಡುವೆ 76 ಇರಬೇಕಾದಲ್ಲಿ 73. ರೀಬಿಲ್ಡ್ ಮಾತ್ರ ಸಲೀಸು. ಬೋಲ್ಟ್ ಕೂರಿಸಲು ಹೋದಾಗಲೇ ಬಣ್ಣ ಬಯಲಾದದ್ದು.

ಹಾಗಾಗಿ ಯಾರದ್ದೇ ಫೈಲ್ ಬಂದರೂ ಮೊದಲು ಟ್ರೀಯಲ್ಲಿ ಸ್ಕೆಚ್ ಹೆಸರಿನ ಮುಂದೆ (-) ಇದೆಯಾ ನೋಡಿ. ಇದ್ದರೆ ಆ ಸ್ಕೆಚ್ ಪೂರ್ತಿ ಕಟ್ಟಿಲ್ಲ, ಏನೋ ಸಡಿಲವಾಗಿದೆ ಅಂತ ಅರ್ಥ. ಆಮೇಲೆ ಒಂದು ಅಳತೆಯನ್ನು ಸುಮ್ನೆ ಬದಲಾಯಿಸಿ, 120 ಇದ್ದದ್ದನ್ನು 140 ಮಾಡಿ, Ctrl+Q ಒತ್ತಿ. Ctrl+B ಬದಲಾದದ್ದನ್ನಷ್ಟೇ ರೀಬಿಲ್ಡ್ ಮಾಡುತ್ತದೆ, Ctrl+Q ಎಲ್ಲವನ್ನೂ ಮೊದಲಿಂದ ಮಾಡುತ್ತದೆ. ತೂತುಗಳು ಅಂಚಿನ ಜೊತೆ ಸರಿದರೆ ಸರಿ. ನೋಡಿ ಆದ ಮೇಲೆ ಹಳೆಯ ಅಳತೆಗೆ ವಾಪಸ್ ತನ್ನಿ.

ಈಗಾಗಲೇ ಟ್ರೀ ಕೆಂಪಾಗಿದ್ದರೆ ಕೆಳಗಿನಿಂದ ಶುರು ಮಾಡಬೇಡಿ. ರೋಲ್‌ಬ್ಯಾಕ್ ಬಾರ್ ಅನ್ನು ಮೇಲಕ್ಕೆ ಎಳೆದು, ಎಲ್ಲಕ್ಕಿಂತ ಮೇಲಿನ ಕೆಟ್ಟ ಫೀಚರ್ ಕೆಳಗೆ ನಿಲ್ಲಿಸಿ. ಅದೊಂದನ್ನು ಸರಿ ಮಾಡಿ, ಬಾರ್ ಅನ್ನು ಒಂದು ಹೆಜ್ಜೆ ಇಳಿಸಿ. ಕೆಳಗಿನ ಎಷ್ಟೋ ಎರರ್‌ಗಳು ತಾವಾಗಿಯೇ ಹೋಗುತ್ತವೆ, ಯಾಕೆಂದರೆ ಅವು ಮೇಲಿನದ್ದರ ಮಕ್ಕಳು ಅಷ್ಟೇ. ಸ್ಕೆಚ್‌ನಲ್ಲಿ ಆಧಾರ ಕಳೆದುಕೊಂಡ ಅಳತೆಯ ಬಣ್ಣ ಬೇರೆಯಾಗಿರುತ್ತದೆ. ಅದನ್ನು ಅಳಿಸಬೇಡಿ. ಅದರ ಮೇಲೆ ಕ್ಲಿಕ್ ಮಾಡಿದರೆ ತುದಿಯಲ್ಲಿ ಕೆಂಪು ಚುಕ್ಕೆ ಕಾಣುತ್ತದೆ, ಅದನ್ನು ಎಳೆದು ಹೊಸ ಅಂಚಿನ ಮೇಲೆ ಬಿಡಿ. ನಮ್ಮ ಪ್ಲೇಟಿನ ಮಟ್ಟಿಗೆ ನೆಟ್ಟಗಿರುವ ಅಂಚಿನ ಮೇಲೆಯೇ ಬಿಡಬೇಕು, ಪಕ್ಕದ ಓರೆ ಅಂಚಿನ ಮೇಲಲ್ಲ.

ಸ್ಕೆಚ್ ಕೂತಿದ್ದ ಮುಖವೇ ಹೋಗಿದ್ದರೆ Edit Sketch Plane ಬೇಕು. ಹೊಸ ಮುಖ ಬೇರೆ ದಿಕ್ಕಿಗಿದ್ದರೆ ಸ್ಕೆಚ್ ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಳ್ಳಬಹುದು. ಇದಕ್ಕೂ ಎರರ್ ಬರುವುದಿಲ್ಲ, ಕಣ್ಣಲ್ಲೇ ನೋಡಬೇಕು.

ಈಗ ನಾವು ಇಂಥ ತೂತುಗಳನ್ನು ಅಂಚಿಗೆ ಕಟ್ಟುವುದೇ ಇಲ್ಲ. Right Plane ನಿಂದ ಅಳತೆ ಕೊಟ್ಟು, ಆ ಅಳತೆಗಳಿಗೆ ಹೆಸರಿಟ್ಟು, ಇಕ್ವೇಶನ್ ಹಾಕುತ್ತೇವೆ.

```
"HolePos@Sketch2" = "Length@Sketch1" / 2 - 25
```

ಉದ್ದ 120 ಆದರೆ 35, 126 ಆದರೆ 38. ಒರಿಜಿನ್ ಪ್ಲೇಟಿನ ನಡುವೆ ಇದ್ದಾಗ ಮಾತ್ರ ಈ ಲೆಕ್ಕ ಸರಿ. ಒರಿಜಿನ್ ಎಡ ಮೂಲೆಯಲ್ಲಿದ್ದರೆ ಬಲಗಡೆಯ ತೂತಿಗೆ ಎರಡರಿಂದ ಭಾಗಿಸುವುದನ್ನು ತೆಗೆಯಬೇಕು. Length ಅಳತೆಯನ್ನೇ ಯಾರಾದರೂ ಅಳಿಸಿದರೆ ಇಕ್ವೇಶನ್ ಕೆಟ್ಟು ಎರರ್ ತೋರಿಸುತ್ತದೆ. ತೋರಿಸಲಿ ಬಿಡಿ, ನಮಗೆ ಬೇಕಾಗಿದ್ದೂ ಅದೇ ಅಲ್ವಾ?