14 ತಿಂಗಳು ಬಳಸಿದ ವಿಟಮಿನ್ ಸಿ ಸೀರಮ್, ಮತ್ತು ಡಬ್ಬಿಯಲ್ಲಿದ್ದ ಆ ಚೀಟಿ

ಹಣೆ ಮತ್ತು ಕೆನ್ನೆಯ ಮೇಲಿದ್ದ ಮೊಡವೆ ಕಲೆಗಳಿಗೆಂದು ಒಂದು ಚಿಕ್ಕ ಕಂಪನಿಯ 15% ವಿಟಮಿನ್ ಸಿ ಸೀರಮ್ ತರಿಸಿದ್ದೆ. ಈಗ ನಡೆಯುತ್ತಿರುವುದು ಏಳನೇ ಬಾಟಲಿ. ಸೀರಮ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕೆಂದಿರುವುದು ಡಬ್ಬಿಯೊಳಗಿದ್ದ ಧನ್ಯವಾದದ ಚೀಟಿ ಮತ್ತು ಆಮೇಲೆ ಬಂದ ವಾಟ್ಸಾಪ್ ಸಂದೇಶಗಳ ಬಗ್ಗೆ. ನಾನು ಮತ್ತೆ ಮತ್ತೆ ಅಲ್ಲೇ ತರಿಸುವುದಕ್ಕೆ ಕಾರಣ ಅವೇ.

ಚೀಟಿಯಲ್ಲಿ ಧನ್ಯವಾದ ಒಂದೇ ಸಾಲು. ಅದರ ಕೆಳಗೆ ನಾಲ್ಕು ಬಣ್ಣದ ಚುಕ್ಕೆಗಳಿದ್ದವು: ನೀರಿನಂತೆ ತಿಳಿ, ತಿಳಿ ಹಳದಿ, ಕಿತ್ತಳೆ, ಕಂದು. ಮೊದಲ ಎರಡಿದ್ದರೆ ಬಳಸಿ, ಉಳಿದ ಎರಡಾದರೆ ಬಿಸಾಡಿ ಎಂದು ಬರೆದಿತ್ತು. ಈ ಬಗೆಯ ವಿಟಮಿನ್ ಸಿ ಗಾಳಿ, ಬೆಳಕು, ಬಿಸಿ ಮೂರಕ್ಕೂ ಬೇಗ ಕೆಡುತ್ತದೆ. ಕೆಟ್ಟದ್ದು ಗೊತ್ತಾಗುವುದು ಬಣ್ಣದಿಂದಲೇ. ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಕೊರಿಯರ್ ವ್ಯಾನಿನೊಳಗೆ ಬಾಟಲಿ ಎಷ್ಟು ಕಾದಿರುತ್ತದೋ ಯಾರಿಗೆ ಗೊತ್ತು? ಹಾಗಾಗಿ ‘ಸೀಲ್ ಒಡೆಯುವ ಮೊದಲೇ ಬೆಳಕಿಗೆ ಹಿಡಿದು ಬಣ್ಣ ನೋಡಿ, ಗಾಢವಾಗಿದ್ದರೆ ಫೋಟೋ ಕಳಿಸಿ, ಬದಲಿಸಿ ಕೊಡುತ್ತೇವೆ’ ಎಂಬ ಸಾಲು ನನಗೆ ತುಂಬಾ ಹಿಡಿಸಿತು.

ಆದರೂ ಮೊದಲ ಬಾಟಲಿ ಕೆಟ್ಟಿತು. ಅದು 30 ಎಂಎಲ್ ಬಾಟಲಿ, ಇಟ್ಟಿದ್ದು ಬಚ್ಚಲಮನೆಯ ಗೂಡಿನಲ್ಲಿ, ಗೀಸರ್ ಪಕ್ಕ. ಮೂರನೇ ತಿಂಗಳ ಹೊತ್ತಿಗೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ದಿಂಬಿನ ಕವರಿಗೂ ಕಲೆ ಹತ್ತಿತು. ಆಗ ಲೆಕ್ಕ ಹಾಕಿದೆ. ಆ ಡ್ರಾಪರಿನಲ್ಲಿ ಒಂದು ಎಂಎಲ್‌ಗೆ ಸುಮಾರು 20 ಹನಿ. 30 ಎಂಎಲ್ ಅಂದರೆ 600 ಹನಿ. ದಿನಕ್ಕೆ 5 ಹನಿ ಬಳಸಿದರೆ ನಾಲ್ಕು ತಿಂಗಳು ಬೇಕು. ಚೀಟಿ ಹೇಳಿದ್ದೋ, ತೆರೆದ ಮೇಲೆ ಮೂರೇ ತಿಂಗಳು! ಸರಿಯಾಗಿ ಇಟ್ಟಿದ್ದರೂ ಕೊನೆಯ ಕಾಲುಭಾಗ ದಂಡವೇ.

ಇದನ್ನು ಅವರಿಗೆ ಬರೆದೆ. ‘ಒಬ್ಬರೇ ಬಳಸುವುದಾದರೆ 15 ಎಂಎಲ್ ತಗೊಳ್ಳಿ ಮೇಡಂ, ಎರಡು ತಿಂಗಳಿಗೆ ಮುಗಿಯುತ್ತದೆ. ಫ್ರಿಜ್ಜಿನಲ್ಲಿಡಿ, ಹನಿ ಹಾಕಿಕೊಂಡ ತಕ್ಷಣ ಮುಚ್ಚಳ ಬಿಗಿ ಮಾಡಿ’ ಎಂದು ಉತ್ತರ ಬಂತು. ದೊಡ್ಡ ಬಾಟಲಿ ಮಾರುವ ಅವಕಾಶ ಇದ್ದಾಗಲೂ ಚಿಕ್ಕದನ್ನು ಹೇಳಿದರು, ಅಲ್ವಾ? ಈಗ ಮರು ಆರ್ಡರಿನ ನೆನಪೋಲೆ ಬರುವುದು 50ನೇ ದಿನದ ಆಸುಪಾಸು, ಬಾಟಲಿಯ ತಳ ಕಾಣುವ ಹೊತ್ತಿಗೆ. ಹಿಂದೆ ಬೇರೆ ಕಡೆ ತರಿಸಿದ ಕ್ರೀಮಿಗೆ ಇಪ್ಪತ್ತನೇ ದಿನಕ್ಕೇ ‘ಬೇಗ ಆರ್ಡರ್ ಮಾಡಿ’ ಅಂತ ಶುರುವಾಗಿತ್ತು. ಅರ್ಧ ಡಬ್ಬಿಯೂ ಖಾಲಿಯಾಗಿರಲಿಲ್ಲ.

ಇನ್ನು ವಿಮರ್ಶೆಯ ಜೊತೆ ಹಾಕಲು ಕಂಪನಿಯವರು ಕೇಳುವ ಫೋಟೋ ವಿಷಯ. ಸೀರಮ್ ಶುರು ಮಾಡುವ ಮೊದಲು ಒಂದು, ಆಮೇಲೆ 4, 8, 12ನೇ ವಾರಕ್ಕೆ ಒಂದೊಂದು ಕೇಳುತ್ತಾರೆ. ಅದೇ ಕಿಟಕಿ, ಅದೇ ಹೊತ್ತು, ಬ್ಯೂಟಿ ಮೋಡ್ ಆಫ್, ಫ್ಲ್ಯಾಶ್ ಬೇಡ, ಮುಖ ತೊಳೆದು ಒರೆಸಿದ ಮೇಲೆ. ಬದಲಾವಣೆ ಕಾಣದಿದ್ದರೂ ಕಳಿಸಿ, ಮುಂದಿನ ಆರ್ಡರಿಗೆ ಸಿಗುವ ರಿಯಾಯಿತಿ ಎಲ್ಲರಿಗೂ ಒಂದೇ ಎಂದಿದ್ದರು. ನಾನು ಮೊದಲದ್ದನ್ನು ರಾತ್ರಿ ಟ್ಯೂಬ್‌ಲೈಟಿನ ಕೆಳಗೆ, 4ನೇ ವಾರದ್ದನ್ನು ಬೆಳಿಗ್ಗೆ ಕಿಟಕಿ ಬಳಿ ತೆಗೆದಿದ್ದೆ. ಕಲೆ ಅರ್ಧ ಹೋದಂತೆ ಕಂಡು ಖುಷಿಯಾಯಿತು. ‘ಬೆಳಕು ಬೇರೆ ಇದೆ, ಇದನ್ನು ಹಾಕುವುದಿಲ್ಲ, ಬೆಳಿಗ್ಗೆಯದ್ದನ್ನೇ ಮೊದಲನೆಯದು ಅಂತ ಇಟ್ಟುಕೊಳ್ಳಿ’ ಎಂದು ಅವರೇ ತಿದ್ದಿದರು.

ಅಲ್ಲಿಂದ 12 ವಾರ ಎಣಿಸಿ ಹೋಲಿಸಿದಾಗ ನಿಜ ತಿಳಿಯಿತು. ಹಣೆಯ ಕಂದು ಕಲೆಗಳು ಚೆನ್ನಾಗಿಯೇ ತಿಳಿಯಾಗಿದ್ದವು. ಎಡಗೆನ್ನೆಯ ಕಲೆ ಇದ್ದ ಹಾಗೇ ಇತ್ತು, ಯಾಕೆಂದರೆ ಅದು ಬಣ್ಣದ ಕಲೆಯಲ್ಲ, ಮೊಡವೆ ಬಿಟ್ಟುಹೋದ ಗುಂಡಿ. ಗುಂಡಿ ಸೀರಮ್‌ನಿಂದ ತುಂಬುವುದಿಲ್ಲ. ಮೂರು ಸ್ಟಾರ್ ಕೊಟ್ಟು ಹಾಗೇ ಬರೆದೆ. ಫೋಟೋ, ಸ್ಟಾರ್ ಎರಡನ್ನೂ ಮುಟ್ಟದೆ ಹಾಕಿದರು.

ಚೀಟಿಯಲ್ಲಿ ಒಂದು ಕೊರತೆ ಇದೆ. ಕಿವಿಯ ಹಿಂದೆ ಹಚ್ಚಿ ಪರೀಕ್ಷಿಸಿ ಎಂದು ಬರೆದಿದ್ದಾರೆ, ಎಷ್ಟು ದಿನ ಅಂತಿಲ್ಲ. ನಾನು ಒಂದೇ ರಾತ್ರಿ ನೋಡಿ ಮುಖಕ್ಕೆ ಹಚ್ಚಿದೆ, ಮೂರನೇ ದಿನ ಮೂಗಿನ ಪಕ್ಕ ಕೆಂಪಾಗಿ ಉರಿಯಿತು. ವಾರ ಬಿಟ್ಟು, ದಿನ ಬಿಟ್ಟು ದಿನ ಹಚ್ಚಿದ ಮೇಲೆ ಒಗ್ಗಿತು. ನಾಲ್ಕೈದು ದಿನವಾದರೂ ನೋಡಿ. ಬೆಳಿಗ್ಗೆ ಇದರ ಮೇಲೆ ಸನ್‌ಸ್ಕ್ರೀನ್ ಬಿಡಬೇಡಿ, ಬಿಸಿಲಿಗೆ ಕಲೆ ಮತ್ತೆ ಕಪ್ಪಾಗುತ್ತದೆ. ಬಂಗು ಇದ್ದವರು ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ನನ್ನ ನಾದಿನಿ ಕೇಳಿದಾಗ ಕಂಪನಿಯವರೂ ಅದನ್ನೇ ಹೇಳಿದರು, ಬಾಟಲಿ ಮಾರಲಿಲ್ಲ.